ಅರ್ಧದಾರಿಯಲ್ಲಿ ಸೊರಗುವ ಪ್ರಿಂಟ್

ತ್ರೀಡಿ ಪ್ರಿಂಟರ್ ಹತ್ತು ಗಂಟೆ ಚೊಕ್ಕವಾಗಿ ಕೆಲಸ ಮಾಡಿ ಹನ್ನೊಂದನೆಯ ಗಂಟೆಯಲ್ಲಿ ಕೈಕೊಟ್ಟಿತೆಂದರೆ, ಮೊದಲು ತಿಳಿಯಬೇಕಾದದ್ದು ಇದು: ಸೆಟ್ಟಿಂಗುಗಳು ಸರಿಯಾಗಿಯೇ ಇವೆ. ಅವು ತಪ್ಪಾಗಿದ್ದರೆ ಮೊದಲ ಗಂಟೆಯಲ್ಲೇ ಗೊತ್ತಾಗುತ್ತಿತ್ತು. ಹತ್ತು ಗಂಟೆಯಲ್ಲಿ ಬದಲಾದದ್ದು ಬೇರೇನೋ ಇದೆ, ಮತ್ತು ಬಹಳಷ್ಟು ಸಲ ಅದು ಯಂತ್ರದ ಒಳಗಿಲ್ಲ. ಸ್ಪೂಲಿನಿಂದ ಯಂತ್ರದವರೆಗೆ ಪ್ಲಾಸ್ಟಿಕ್ ಎಳೆ ನಡೆದುಬರುವ ದಾರಿಯಲ್ಲಿದೆ.

ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳಿಗೆ ಪ್ಯಾಟರ್ನ್ ಮಾಡಿಕೊಡುವವರೊಬ್ಬರ ಕೆಲಸವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯಬೇಕಾದರೆ, ಆ ಅಚ್ಚು ಮೂಡಿಸಲು ವಸ್ತುವಿನದೇ ಆಕಾರದ ಒಂದು ಮಾದರಿ ಬೇಕು, ಅದೇ ಪ್ಯಾಟರ್ನ್. ಹಿಂದೆ ಅದನ್ನು ತೇಗದಲ್ಲಿ ಕಡೆಯುತ್ತಿದ್ದ ಇವರು ಈಗ ಸಣ್ಣ ಆರ್ಡರುಗಳಿಗೆ ಪ್ರಿಂಟರ್ ಬಳಸುತ್ತಾರೆ. ನೀರಿನ ಪಂಪಿನ ಕೇಸಿಂಗಿಗೆ ಬೇಕಾದ ಅರ್ಧ ಭಾಗ, 160 ಮಿಲಿಮೀಟರ್ ಎತ್ತರ, 260 ಗ್ರಾಂ ಪಿಎಲ್‌ಎ ಪ್ಲಾಸ್ಟಿಕ್, 18 ಗಂಟೆಯ ಕೆಲಸ. ಸಂಜೆ ಹಾಕಿ ಮನೆಗೆ ಹೋದವರು ಬೆಳಿಗ್ಗೆ ಬಂದು ನೋಡಿದರೆ, 96ನೆಯ ಮಿಲಿಮೀಟರಿನ ಹತ್ತಿರ ಗೋಡೆಯ ಸುತ್ತ ಬೆರಳಗಲದ ಒಂದು ಪಟ್ಟಿ. ಅಲ್ಲಿ ಪದರಗಳು ತೆಳುವಾಗಿ, ಒಂದಕ್ಕೊಂದು ಅಂಟದೆ, ಮಧ್ಯೆ ಬೆಳಕು ಕಾಣುವಷ್ಟು ಜಾಳಾಗಿದ್ದವು. ಅದರ ಮೇಲೆ ಮತ್ತೆ ನಯವಾದ ಗೋಡೆ. ಇನ್ನೂ ಮೇಲೆ, 131ರ ಹತ್ತಿರ, ಮತ್ತೆ ಅದೇ ಜಾಳು. ಈ ಸಲ ಅದು ಸುಧಾರಿಸಲಿಲ್ಲ. ಅಲ್ಲಿಂದ ಮುಂದೆ ನಾಝಲ್ ಬರೀ ಗಾಳಿಯಲ್ಲಿ ಓಡಾಡುತ್ತಿತ್ತು.

"ಅಲ್ಲೀ ತನಕ ಛಲೋ ಬಂದಿತ್ರಿ ಸರ. ಸೆಟ್ಟಿಂಗ್ ಎಲ್ಲಾ ನೋಡೇನಿ, ಏನೂ ತಪ್ಪಿಲ್ಲ," ಎಂದರು. ಅವರು ಹೇಳಿದ್ದು ನಿಜವಾಗಿತ್ತು.

ಬೇಕಾದಷ್ಟು ಪ್ಲಾಸ್ಟಿಕ್ ನಾಝಲ್‌ನಿಂದ ಹೊರಬಾರದ ಈ ಸ್ಥಿತಿಗೆ ಅಂಡರ್ ಎಕ್ಸ್‌ಟ್ರೂಷನ್ ಎನ್ನುತ್ತಾರೆ. ಅಲಂಕಾರದ ಬೊಂಬೆಯಾದರೆ ಇದೊಂದು ಕಲೆ ಅಷ್ಟೇ. ಪ್ಯಾಟರ್ನಿನಲ್ಲಿ ಹಾಗಲ್ಲ. ಸುತ್ತ ಮರಳು ತುಂಬಿ ಕುಟ್ಟುವಾಗ ಜಾಳು ಪಟ್ಟಿ ಒತ್ತಡ ತಾಳದೆ ಬಿರಿಯುತ್ತದೆ. ಬಿರಿಯದಿದ್ದರೂ ಅದರ ಸಂದುಗಳಿಗೆ ಮರಳು ಹೊಕ್ಕು ಕಚ್ಚಿಕೊಳ್ಳುತ್ತದೆ, ಪ್ಯಾಟರ್ನ್ ಮೇಲೆತ್ತುವಾಗ ಅಚ್ಚಿನ ಗೋಡೆ ಕಿತ್ತುಬರುತ್ತದೆ.

ಯಂತ್ರಕ್ಕೆ ಇದು ಗೊತ್ತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸಾಮಾನ್ಯ ಪ್ರಿಂಟರಿಗೆ ಗೊತ್ತಾಗುವುದಿಲ್ಲ. 1.75 ಮಿಲಿಮೀಟರ್ ದಪ್ಪದ ಎಳೆಯನ್ನು, ಅಂದರೆ ಫಿಲಮೆಂಟನ್ನು, ಹಲ್ಲಿರುವ ಒಂದು ಸಣ್ಣ ಗೇರ್ ಕಚ್ಚಿ ಬಿಸಿ ನಾಝಲ್‌ನತ್ತ ತಳ್ಳುತ್ತದೆ; ಈ ಭಾಗದ ಹೆಸರು ಎಕ್ಸ್‌ಟ್ರೂಡರ್. ಅದರ ಮೋಟಾರಿಗೆ ಇಷ್ಟು ಹೆಜ್ಜೆ ತಿರುಗು ಎಂಬ ಆಜ್ಞೆ ಹೋಗುತ್ತದೆ. ತಿರುಗಿದ್ದಕ್ಕೆ ಸರಿಯಾಗಿ ಎಳೆ ಮುಂದೆ ಹೋಯಿತೇ ಎಂದು ಅಳೆಯುವವರು ಯಾರೂ ಇಲ್ಲ. ಗೇರಿನ ಹಲ್ಲು ಎಳೆಯ ಮೇಲೆ ಸ್ವಲ್ಪ ಜಾರಿದರೂ ಯಂತ್ರದ ಲೆಕ್ಕದಲ್ಲಿ ನೂರು ನೂರೇ. ಬಹುತೇಕ ಯಂತ್ರಗಳಲ್ಲಿರುವ ಫಿಲಮೆಂಟ್ ಸೆನ್ಸರ್ ಕೂಡ ಎಳೆ ಇದೆಯೋ ಮುಗಿದಿದೆಯೋ ಎಂಬುದನ್ನಷ್ಟೇ ಹೇಳುವ ಒಂದು ಸ್ವಿಚ್. ಸಿಕ್ಕಿಕೊಂಡು ನಿಂತ ಎಳೆಯೂ ಇರುವ ಎಳೆಯೇ ಆದ್ದರಿಂದ ಅದು ಸುಮ್ಮನಿರುತ್ತದೆ.

ಹಾಗಾಗಿ ಗೇರಿನ ಹಿಡಿತಕ್ಕೂ ಹಿಂದಿನಿಂದ ಎಳೆಯುವ ಬಲಕ್ಕೂ ನಡೆಯುವ ಹಗ್ಗಜಗ್ಗಾಟ ನಮ್ಮ ಕಣ್ಣಿಗೂ ಯಂತ್ರದ ಅರಿವಿಗೂ ಬಾರದೆ ಗಂಟೆಗಟ್ಟಲೆ ಸಾಗುತ್ತದೆ. ಹಿಂದಿನ ಎಳೆತ ಎಲ್ಲಿಂದ ಬರುತ್ತದೆ ಎಂಬುದೇ ನೋಡಬೇಕಾದ ವಿಷಯ.

ಮೊದಲು ಸ್ಪೂಲ್. ಕಾರ್ಖಾನೆಯಲ್ಲಿ ಫಿಲಮೆಂಟನ್ನು ಯಂತ್ರ ಸುತ್ತುತ್ತದೆ, ಒಂದೇ ತುದಿಯಿಂದ ಒಂದೇ ದಿಕ್ಕಿನಲ್ಲಿ. ಹಾಗೆ ಸುತ್ತಿದ ಎಳೆಯಲ್ಲಿ ತಾನಾಗಿ ಸಿಕ್ಕು ಬೀಳಲು ದಾರಿಯೇ ಇಲ್ಲ. ಸಿಕ್ಕು ಬೀಳಬೇಕಾದರೆ ಬಿಡುತುದಿ ಇನ್ನೊಂದು ಸುತ್ತಿನ ಅಡಿಗೆ ನುಸುಳಬೇಕು. ಇದು ಆಗುವುದು ಬಹುಮಟ್ಟಿಗೆ ನಮ್ಮ ಕೈಯಲ್ಲೇ: ಬಣ್ಣ ಬದಲಿಸಲು ಸ್ಪೂಲ್ ತೆಗೆದಾಗ ತುದಿ ಕೈಜಾರುತ್ತದೆ, ಎಳೆ ಸ್ಪ್ರಿಂಗಿನಂತೆ ಸಡಿಲಗೊಂಡು ನಾಲ್ಕಾರು ಸುತ್ತು ಬಿಚ್ಚಿಕೊಳ್ಳುತ್ತದೆ, ಮತ್ತೆ ಸುತ್ತಿ ಬಿಗಿ ಮಾಡುವಾಗ ತುದಿ ಯಾವುದೋ ಒಂದು ಸುತ್ತಿನ ಕೆಳಗೆ ಸೇರಿಬಿಡುತ್ತದೆ. ಮೇಲ್ನೋಟಕ್ಕೆ ಎಲ್ಲ ಸರಿ. ಪ್ರಿಂಟ್ ಶುರುವಾದಾಗಲೂ ಸರಿ. ಎಳೆ ಬಿಚ್ಚುತ್ತ ಹೋದಂತೆ ಆ ಅಡ್ಡಹಾಯ್ದ ಜಾಗ ಸುತ್ತಿನಿಂದ ಸುತ್ತಿಗೆ ಜಾರುತ್ತ ಜೊತೆಗೇ ಸಾಗುತ್ತದೆ, ಪ್ರತಿ ಸುತ್ತಿಗೂ ಅಷ್ಟಷ್ಟು ಬಿಗಿಯಾಗುತ್ತದೆ.

ಪಂಪ್ ಕೇಸಿಂಗಿನ ಲೆಕ್ಕ ಹಾಕಿದರೆ ಈ ನಿಧಾನ ಎಷ್ಟೆಂದು ತಿಳಿಯುತ್ತದೆ. 260 ಗ್ರಾಂ ಪಿಎಲ್‌ಎ ಎಂದರೆ ಸುಮಾರು 87 ಮೀಟರ್ ಎಳೆ. ಸ್ಪೂಲಿನ ಒಂದು ಸುತ್ತಿಗೆ ಅರ್ಧ ಮೀಟರ್ ಹಿಡಿದರೆ 18 ಗಂಟೆಯಲ್ಲಿ ಅದು ತಿರುಗುವುದು ಸುಮಾರು 175 ಸುತ್ತು. ಅಂದರೆ ಒಂದು ಸುತ್ತಿಗೆ ಆರು ನಿಮಿಷಕ್ಕೂ ಹೆಚ್ಚು. ಹೋಗುತ್ತಾ ಬರುತ್ತಾ ಸ್ಪೂಲಿನ ಮೇಲೆ ಕಣ್ಣಾಡಿಸಿದವರಿಗೆ ಏನೂ ಕಾಣದಿರುವುದು ಇದಕ್ಕೇ. ಸಿಕ್ಕು ಬಿಗಿಯಾಗಲು ಗಂಟೆಗಳೇ ಬೇಕು. ಒಂದು ಹಂತದಲ್ಲಿ ಗೇರ್ ಜಾರತೊಡಗುತ್ತದೆ, ಗೋಡೆ ಜಾಳಾಗುತ್ತದೆ. ಅಷ್ಟರಲ್ಲಿ ಎಳೆತದ ಜೋರಿಗೆ ಸಿಕ್ಕು ಟಪ್ಪೆಂದು ಒಂದು ಸುತ್ತು ಹಾರಿ ಸಡಿಲವಾಗಬಹುದು. ಆಗ ಪ್ರಿಂಟ್ ಮತ್ತೆ ಸರಿಹೋಗುತ್ತದೆ. ಒಂದು ಜಾಳು ಪಟ್ಟಿ, ಅದರ ಮೇಲೆ ಒಳ್ಳೆಯ ಗೋಡೆ ಕಂಡರೆ ಸ್ಪೂಲನ್ನೇ ಮೊದಲು ಸಂಶಯಿಸಿ. ತಾಪಮಾನ ತಪ್ಪಿದ್ದರೆ ಅದು ತಾನಾಗಿ ಸರಿಹೋಗುತ್ತಿರಲಿಲ್ಲ.

ಸ್ಪೂಲ್ ಖಾಲಿಯಾಗುತ್ತ ಬಂದಾಗ ತೊಂದರೆಯ ಬಗೆ ಬದಲಾಗುತ್ತದೆ. ತೂಕ ಇಳಿದಿರುವುದರಿಂದ ಅಕ್ಷದ ಮೇಲಿನ ಒತ್ತಡ ಕಡಿಮೆಯೇ. ಆದರೆ ನಡುಗಂಬದ ಹತ್ತಿರದ ಸುತ್ತುಗಳು ಸಣ್ಣವು, ಅಲ್ಲಿ ತಿಂಗಳುಗಟ್ಟಲೆ ಬಿಗಿದು ಕೂತ ಎಳೆ ಗುಂಗುರಾಗಿಯೇ ಹೊರಬರುತ್ತದೆ. ನೇರ ನಿಲ್ಲದ ಎಳೆ ಟ್ಯೂಬಿನ ಗೋಡೆಯನ್ನು ಒತ್ತುತ್ತಲೇ ಸಾಗುತ್ತದೆ. ಹಗುರಾದ ಸ್ಪೂಲ್ ಸಣ್ಣ ಎಳೆತಕ್ಕೂ ಬೇಕಾದ್ದಕ್ಕಿಂತ ಹೆಚ್ಚು ತಿರುಗಿ ಸುತ್ತುಗಳನ್ನು ಸಡಿಲ ಬಿಡುತ್ತದೆ. ಆ ಸಡಿಲ ಸುತ್ತು ಅಂಚು ದಾಟಿ ಕೆಳಗೆ ಬಿದ್ದು ಅಕ್ಷಕ್ಕೇ ಸುತ್ತಿಕೊಳ್ಳುವುದೂ ಉಂಟು.

ಎರಡನೆಯದು ಟ್ಯೂಬ್. ಬೆಳಗಾವಿಯ ಮಳೆಗಾಲದಲ್ಲಿ ಫಿಲಮೆಂಟ್ ತೇವ ಹೀರದಿರಲೆಂದು ಇವರು ಸ್ಪೂಲನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು ಶೆಲ್ಫಿನ ಮೇಲೆ ಕೂರಿಸಿದ್ದರು. ಡಬ್ಬಿಯಿಂದ ಯಂತ್ರದ ತಲೆಯವರೆಗೆ ಒಂದು ಬಿಳಿ ಟೆಫ್ಲಾನ್ ಟ್ಯೂಬ್. ಅದು ಡಬ್ಬಿಯಿಂದ ಹೊರಟು ಕೆಳಗೆ ಬಾಗಿ, ಯಂತ್ರದ ಹಿಂದಿನಿಂದ ದೊಡ್ಡದಾಗಿ ಸುತ್ತಿ ಬಂದು, ಮತ್ತೆ ಬಾಗಿ ತಲೆಗೆ ಸೇರುತ್ತಿತ್ತು. ಬಾಗುಗಳನ್ನೆಲ್ಲ ಕೂಡಿಸಿದರೆ ಪೂರ್ತಿ ಒಂದು ಸುತ್ತು, 360 ಡಿಗ್ರಿ.

ಈ ಬಾಗುಗಳ ವಿಷಯದಲ್ಲಿ ನಿಲ್ಲಲೇಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಟ್ಯೂಬಿನ ಘರ್ಷಣೆ ಸ್ಪೂಲಿನ ಎಳೆತಕ್ಕೆ ಒಂದಿಷ್ಟು ಕೂಡುತ್ತದೆ ಎಂದು ನಾವು ಭಾವಿಸುತ್ತೇವೆ. ಅದು ಕೂಡುವುದಿಲ್ಲ, ಗುಣಿಸುತ್ತದೆ. ಬಾಗಿದ ಕಡೆ ಎಳೆ ಒಳಗೋಡೆಗೆ ಎಷ್ಟು ಒತ್ತುತ್ತದೆ ಎಂಬುದು ಅದು ಎಷ್ಟು ಬಿಗಿಯಾಗಿದೆ ಎಂಬುದರ ಮೇಲೆ ನಿಂತಿದೆ. ಹೆಚ್ಚು ಬಿಗಿ, ಹೆಚ್ಚು ಒತ್ತಡ, ಹೆಚ್ಚು ಘರ್ಷಣೆ, ಅದರಿಂದ ಇನ್ನೂ ಹೆಚ್ಚು ಬಿಗಿ. ಸ್ಕೂಟರಿನ ಬ್ರೇಕ್ ವೈರ್ ಅಡ್ಡಾದಿಡ್ಡಿ ಬಾಗಿದರೆ ಲಿವರ್ ಗಟ್ಟಿಯಾಗುವುದೂ ಇದೇ ಕಾರಣಕ್ಕೆ. ಎಂಜಿನಿಯರುಗಳು ಇದನ್ನು ಕ್ಯಾಪ್‌ಸ್ಟನ್ ಸಮೀಕರಣದಿಂದ ಲೆಕ್ಕ ಹಾಕುತ್ತಾರೆ. ಅದರಲ್ಲಿ ಲೆಕ್ಕಕ್ಕೆ ಬರುವುದು ಎರಡೇ: ಗೋಡೆ ಎಷ್ಟು ನುಣುಪು, ಬಾಗುಗಳ ಒಟ್ಟು ಕೋನ ಎಷ್ಟು. ಟ್ಯೂಬ್ ಎಷ್ಟು ಉದ್ದ ಎಂಬುದು ಅಲ್ಲಿ ಇಲ್ಲವೇ ಇಲ್ಲ.

ಅಂಕಿಯಲ್ಲಿ ನೋಡೋಣ. ಸ್ಪೂಲಿನಿಂದ ಎಳೆ ಬಿಚ್ಚಲು 150 ಗ್ರಾಂ ಎಳೆತ ಬೇಕೆಂದುಕೊಳ್ಳಿ. ಹೊಸ ಟೆಫ್ಲಾನ್ ಟ್ಯೂಬಿನ ಘರ್ಷಣಾಂಕವನ್ನು 0.1 ಎಂದು ಹಿಡಿದರೆ, 360 ಡಿಗ್ರಿ ಬಾಗು ದಾಟಿ ಯಂತ್ರ ತಲುಪುವಾಗ ಅದು ಸುಮಾರು 280 ಗ್ರಾಂ ಆಗುತ್ತದೆ. ಟ್ಯೂಬ್ ಸವೆದು ಘರ್ಷಣಾಂಕ 0.25ಕ್ಕೆ ಏರಿದರೆ ಅದೇ 150 ಗ್ರಾಂ ಸುಮಾರು 720 ಗ್ರಾಂ. ಈಗ ಸ್ಪೂಲಿನಲ್ಲಿ ಒಂದು ಸಿಕ್ಕು ಬಿಗಿದು ಎಳೆತ 500 ಗ್ರಾಂಗೆ ಏರಿತೆನ್ನಿ. ಹೊಸ ಟ್ಯೂಬಿನ ಯಂತ್ರ 940 ಗ್ರಾಂ ಎಳೆದರೆ ಸಾಕು, ಪ್ರಾಯಶಃ ಸುಧಾರಿಸಿಕೊಳ್ಳುತ್ತದೆ. ಸವೆದ ಟ್ಯೂಬಿನದು 2.4 ಕಿಲೋ ಎಳೆಯಬೇಕು. ನಾಝಲ್‌ನ ಎದುರೊತ್ತಡವನ್ನೂ ಮೀರಿ ತಳ್ಳಬೇಕಾದ ಗೇರಿಗೆ ಅದು ಬಹಳ.

ಟ್ಯೂಬ್ ಸವೆಯುವುದೂ ಬಾಗಿದ ಕಡೆಯೇ. ಎಳೆ ಸದಾ ಬಾಗಿನ ಒಳಮಗ್ಗುಲಿಗೆ ಉಜ್ಜುತ್ತ ಹೋಗುವುದರಿಂದ ಅಲ್ಲೊಂದು ಗೀರುಗಾಲುವೆ ಬೀಳುತ್ತದೆ. ಕಾರ್ಬನ್ ಫೈಬರ್ ಬೆರೆಸಿದ ಅಥವಾ ಕತ್ತಲಲ್ಲಿ ಹೊಳೆಯುವ ಫಿಲಮೆಂಟ್ ಬಳಸಿದ್ದರೆ ಸವೆತ ಬಲುಬೇಗ, ಏಕೆಂದರೆ ಅವುಗಳಲ್ಲಿರುವ ಕಣಗಳು ಟೆಫ್ಲಾನನ್ನು ಕೆರೆದುಹಾಕುತ್ತವೆ. ಟ್ಯೂಬ್ ತುದಿಯಲ್ಲಿ ಬಿಳಿ ಪುಡಿ, ಬಾಯಿ ದುಂಡಗಿರದೆ ಮೊಟ್ಟೆಯಾಕಾರಕ್ಕೆ ತಿರುಗಿರುವುದು, ಇವು ಹೊರಗಿನಿಂದ ಕಾಣುವ ಗುರುತು. ಸಂಶಯವಿದ್ದರೆ ಹಳೆಯ ಟ್ಯೂಬನ್ನು ಬಾಗಿದ್ದ ಜಾಗದಲ್ಲಿ ಉದ್ದುದ್ದ ಸೀಳಿ ಉಗುರಾಡಿಸಿ ನೋಡಿ. ಒಮ್ಮೆ ಮುರಿಮಡಿಕೆ ಬಿದ್ದ ಟ್ಯೂಬಿನ ಮಾತು ಬೇಡ, ಅದನ್ನು ಎಸೆಯಬೇಕು.

ಬೆಳಗಾವಿಯಲ್ಲಿ ನಾವು ಮಾಡಿದ ಪರೀಕ್ಷೆ ಯಾರು ಬೇಕಾದರೂ ಮಾಡಬಹುದಾದದ್ದು. ಸ್ಪೂಲಿನಲ್ಲಿ ಸಿಕ್ಕು ಇದ್ದದ್ದು ಡಬ್ಬಿ ತೆರೆದ ಕೂಡಲೇ ಕಂಡಿತು, ಅದನ್ನು ಬಿಡಿಸಿದ್ದಾಯಿತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಒಂದು ಸಿಕ್ಕಿಗೆ ಯಂತ್ರ ಇಷ್ಟು ಪೂರ್ತಿ ಸೋಲುವುದೇಕೆ ಎಂಬ ಪ್ರಶ್ನೆ ಉಳಿದಿತ್ತು. ಎಕ್ಸ್‌ಟ್ರೂಡರಿನ ಬಾಯಿಂದ ಹಿಂದಕ್ಕೆ 120 ಮಿಲಿಮೀಟರ್ ಅಳೆದು ಎಳೆಯ ಮೇಲೆ ಮಾರ್ಕರಿನಿಂದ ಗುರುತು ಹಾಕಿ, ಪ್ರಿಂಟರಿಗೆ ಈ ಆಜ್ಞೆ ಕೊಟ್ಟೆವು. (ಟ್ಯೂಬ್ ಅಡ್ಡ ಬರುವಲ್ಲಿ ಅದರ ತುದಿಯನ್ನು ಅಷ್ಟು ಹಿಂದಕ್ಕೆ ಸರಿಸಿ ಕಟ್ಟಬೇಕು.)

```
M83
M109 S210
G1 E100 F100
```

210 ಡಿಗ್ರಿಗೆ ಕಾಯಿಸಿ, ನೂರು ಮಿಲಿಮೀಟರ್ ಎಳೆಯನ್ನು ಒಂದು ನಿಮಿಷದಲ್ಲಿ ತಳ್ಳು ಎಂಬುದು ಇದರ ಅರ್ಥ. ಪ್ರಿಂಟ್ ಮಾಡುವಾಗಿನ ವೇಗಕ್ಕೆ ಇದು ಹತ್ತಿರ. ಎಲ್ಲ ಸರಿಯಿದ್ದರೆ ಗುರುತು ಬಾಯಿಯಿಂದ 20 ಮಿಲಿಮೀಟರ್ ದೂರದಲ್ಲಿ ನಿಲ್ಲಬೇಕು. ಸ್ಪೂಲ್, ಟ್ಯೂಬ್ ಎರಡೂ ಇದ್ದಾಗ ಒಳಹೋದದ್ದು 95. ಸ್ಪೂಲಿನಿಂದ ಕೈಯಾರೆ ಒಂದೆರಡು ಮೀಟರ್ ಸಡಿಲ ಬಿಟ್ಟು, ಟ್ಯೂಬ್ ಮಾತ್ರ ಇಟ್ಟುಕೊಂಡಾಗ 98. ಟ್ಯೂಬ್ ಬಿಚ್ಚಿ ಸ್ಪೂಲಿನಿಂದ ನೇರವಾಗಿ ಎಳೆಸಿದಾಗಲೂ 98. ಎರಡೂ ಇಲ್ಲದಾಗ 99.

ಒಂದೊಂದನ್ನೇ ಪರೀಕ್ಷಿಸಿದವರು ಇಲ್ಲಿ ಮೋಸಹೋಗುತ್ತಾರೆ. ಟ್ಯೂಬ್ ಒಂದೇ ಇದ್ದಾಗ ಗುಣಿಸಲು ಹಿಂದೆ ಎಳೆತವಿಲ್ಲ, ಹಾಗಾಗಿ ಅದು ನಿರ್ದೋಷಿ. ಸ್ಪೂಲ್ ಒಂದೇ ಇದ್ದಾಗ ಅದರ ಎಳೆತ ಸಣ್ಣದು, ಅದೂ ನಿರ್ದೋಷಿ. ಎರಡು ಸೇರಿದಾಗ ಮಾತ್ರ ಐದರಷ್ಟು ಕೊರತೆ. ನೂರಕ್ಕೆ ಐದು ಕೊರತೆ ಗೋಡೆಯ ಮೇಲೆ ಅಷ್ಟಾಗಿ ಕಾಣುವುದಿಲ್ಲ, ಅದಕ್ಕೇ ಮೊದಲ ಹತ್ತು ಗಂಟೆಯ ಕೆಲಸ ಅವರಿಗೆ ಛಲೋ ಕಂಡಿತ್ತು. ಆದರೆ ಆ ಯಂತ್ರ ಆಗಲೇ ತನ್ನ ಹಿಡಿತದ ಅಂಚಿನಲ್ಲಿ ಓಡುತ್ತಿತ್ತು. ಒಂದು ಸಿಕ್ಕು ಬಂದಾಗ ತಾಳಿಕೊಳ್ಳಲು ಏನೂ ಉಳಿದಿರಲಿಲ್ಲ.

ಲಗೇಜ್ ತೂಗುವ ಕೈತಕ್ಕಡಿಯಿಂದಲೂ ಇದನ್ನು ತಾಳೆ ನೋಡಿದೆವು. ಎಳೆಯ ತುದಿಗೆ ಕೊಕ್ಕೆ ಕಟ್ಟಿ, ಎಕ್ಸ್‌ಟ್ರೂಡರ್ ಎಳೆಯುವ ದಿಕ್ಕಿನಲ್ಲೇ ನಿಧಾನವಾಗಿ ಎಳೆದರೆ ಸ್ಪೂಲಿಗೆ ಸುಮಾರು 150 ಗ್ರಾಂ, ಟ್ಯೂಬಿನ ಮೂಲಕ ಸುಮಾರು 700. ಟ್ಯೂಬ್ ಸೀಳಿದಾಗ ಬಾಗಿನಲ್ಲಿ ಗೀರು ಉಗುರಿಗೆ ಸಿಕ್ಕಿತು. ಹಿಂದಿನ ವರ್ಷ ಕಾರ್ಬನ್ ಫೈಬರ್ ಫಿಲಮೆಂಟಿನಲ್ಲಿ ಕೆಲವು ಕೆಲಸ ಮಾಡಿದ್ದು ಅವರಿಗೆ ಆಗ ನೆನಪಾಯಿತು.

131ನೆಯ ಮಿಲಿಮೀಟರಿನಲ್ಲಿ ಯಂತ್ರ ಏಕೆ ಚೇತರಿಸಿಕೊಳ್ಳಲಿಲ್ಲ ಎಂಬುದಕ್ಕೆ ಉತ್ತರ ಎಕ್ಸ್‌ಟ್ರೂಡರಿನ ಒಳಗಿತ್ತು. ಎಳೆ ನಿಂತು ಗೇರ್ ತಿರುಗುತ್ತಲೇ ಇದ್ದರೆ ಹಲ್ಲುಗಳು ಒಂದೇ ಜಾಗವನ್ನು ಕೊರೆದು ಹಳ್ಳ ಮಾಡುತ್ತವೆ, ಕೊರೆದ ಪುಡಿ ಹಲ್ಲುಗಳ ಸಂದಿಗೆ ಮೆತ್ತಿಕೊಳ್ಳುತ್ತದೆ. ಆಮೇಲೆ ಸಿಕ್ಕು ತಾನಾಗಿ ಬಿಟ್ಟುಕೊಂಡರೂ ಹಿಡಿಯಲು ಹಲ್ಲಿಗೆ ಏನೂ ಸಿಗುವುದಿಲ್ಲ. ಮೊದಲ ಸಲ ಸಿಕ್ಕು ಬೇಗ ಹಾರಿತು, ಪ್ರಿಂಟ್ ಉಳಿಯಿತು. ಎರಡನೆಯ ಸಲ ತಡವಾಯಿತು, ಹಳ್ಳ ಆಳವಾಯಿತು. ಇಂಥ ಸ್ಥಿತಿಯಲ್ಲಿ ಸಿಕ್ಕು ಬಿಡಿಸಿದರೆ ಸಾಲದು; ಎಳೆಯನ್ನು ಹೊರತೆಗೆದು ಕೊರೆದ ಭಾಗ ಕತ್ತರಿಸಿ, ಗೇರಿನ ಹಲ್ಲುಗಳನ್ನು ಸಣ್ಣ ಬ್ರಷ್ಷಿನಿಂದ ಉಜ್ಜಿ, ಮತ್ತೆ ತುಂಬಬೇಕು.

ನಡುವೆ ಅವರು ಮಾಡಿದ್ದ ಒಂದು ಪ್ರಯತ್ನವನ್ನು ಹೇಳಲೇಬೇಕು, ಏಕೆಂದರೆ ಬಹಳ ಜನ ಅದನ್ನೇ ಮಾಡುತ್ತಾರೆ. ಪ್ಲಾಸ್ಟಿಕ್ ಕಡಿಮೆ ಬಂತಲ್ಲ ಎಂದು ಫ್ಲೋ ಪ್ರಮಾಣವನ್ನು 110ಕ್ಕೆ ಏರಿಸಿ ಇನ್ನೊಂದು ಪ್ಯಾಟರ್ನ್ ಹಾಕಿದ್ದರು. ಕೆಳಗಿನ ಅರ್ಧ ಉಬ್ಬಿ ಅಳತೆ ತಪ್ಪಿತು, ಮೇಲೆ ಮತ್ತೆ ಜಾಳಾಯಿತು, ಅದೂ ಬೇರೆ ಎತ್ತರದಲ್ಲಿ. ಹಿಡಿತವೇ ಜಾರುತ್ತಿರುವಾಗ ಗೇರನ್ನು ಹೆಚ್ಚು ತಿರುಗಿಸಿದರೆ ಎಳೆಯನ್ನು ಹೆಚ್ಚು ಕೊರೆದಂತಾಯಿತು, ಅಷ್ಟೇ. ಆದರೆ ಆ ಎರಡನೆಯ ಸೋಲಿನಿಂದ ಒಂದು ಸುಳಿವು ಸಿಕ್ಕಿತು. ಪ್ರತಿ ಸಲವೂ ಒಂದೇ ಎತ್ತರದಲ್ಲಿ ಕೆಟ್ಟರೆ ದೋಷ ವಿನ್ಯಾಸದಲ್ಲೋ ಆ ಭಾಗದ ವೇಗದಲ್ಲೋ ಇರುತ್ತದೆ. ಎತ್ತರ ಬದಲಾಗುತ್ತಿದ್ದರೆ ಎಳೆ ಬರುವ ದಾರಿಯನ್ನು ನೋಡಬೇಕು. ನಾಝಲ್ ಬಿಸಿಯನ್ನು ಐದು ಹತ್ತು ಡಿಗ್ರಿ ಏರಿಸುವುದು, ವೇಗ ತಗ್ಗಿಸುವುದು ಇವುಗಳಿಂದ ನಾಝಲ್‌ನ ಎದುರೊತ್ತಡ ಇಳಿದು ಆ ರಾತ್ರಿಯ ಮಟ್ಟಿಗೆ ಉಪಕಾರವಾದೀತು. ಹಿಂದಿನ ಎಳೆತ ಹಾಗೇ ಇರುತ್ತದೆ.

ಎಲ್ಲ ಅರ್ಧದಾರಿಯ ಸೋಲಿಗೂ ಸ್ಪೂಲು ಟ್ಯೂಬುಗಳೇ ಹೊಣೆಯಲ್ಲ. ಮುಚ್ಚಿದ ಕೋಣೆಯ ಸೆಕೆಗೆ ಎಕ್ಸ್‌ಟ್ರೂಡರ್ ಮೋಟಾರ್ ಕಾದು, 60 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುವ ಪಿಎಲ್‌ಎ ಗೇರಿನ ಬಳಿಯೇ ಮೃದುವಾಗುವುದಿದೆ. ಎಕ್ಸ್‌ಟ್ರೂಡರ್ ದೂರವಿದ್ದು ಟ್ಯೂಬಿನ ಮೂಲಕ ತಳ್ಳುವ ಬೌಡೆನ್ ಬಗೆಯ ಯಂತ್ರಗಳಲ್ಲಿ, ಟ್ಯೂಬನ್ನು ಕಚ್ಚಿ ಹಿಡಿಯುವ ಜೋಡಣೆ ಸಡಿಲಗೊಂಡು, ಎಳೆ ಹಿಂದೆ ಮುಂದೆ ಆಡಿದಾಗಲೆಲ್ಲ ಟ್ಯೂಬೂ ಒಂದು ಮಿಲಿಮೀಟರ್ ಆಡುತ್ತದೆ. ಅಲ್ಲಿ ಪ್ರತಿ ಗೆರೆಯ ಆರಂಭ ತಡವಾಗಿ, ಪಟ್ಟಿಯ ಬದಲು ಚುಕ್ಕೆಚುಕ್ಕೆಯಾಗಿ ಖಾಲಿ ಬಿಡುತ್ತದೆ. ಮೇಲಿನ ಅಳತೆ ಪರೀಕ್ಷೆಯಲ್ಲಿ ಸ್ಪೂಲ್ ಸಡಿಲ ಬಿಟ್ಟರೂ, ಟ್ಯೂಬ್ ತೆಗೆದರೂ ಸಂಖ್ಯೆ ಮೇಲೇಳದಿದ್ದರೆ ಹುಡುಕಾಟ ಈ ಕಡೆ ತಿರುಗಬೇಕು.

ಬೆಳಗಾವಿಯವರು ಮಾಡಿಕೊಂಡ ಬದಲಾವಣೆಗೆ ಖರ್ಚು ಅಷ್ಟಿಲ್ಲ. ಡಬ್ಬಿಯನ್ನು ಶೆಲ್ಫಿನಿಂದ ಇಳಿಸಿ ಯಂತ್ರದ ನೇರ ಮೇಲಕ್ಕೆ ತಂದರು, ಬಾಗು ಅರ್ಧ ಸುತ್ತಿಗೆ ಇಳಿಯಿತು. ಹಳೆಯ ಸವೆದ ಟ್ಯೂಬನ್ನೇ ಉಳಿಸಿಕೊಂಡಿದ್ದರೂ ಇದೊಂದರಿಂದಲೇ 150 ಗ್ರಾಂನ ಎಳೆತ 720ರ ಬದಲು 330ರ ಹತ್ತಿರ ನಿಲ್ಲುತ್ತಿತ್ತು. ಆದರೂ ಟ್ಯೂಬ್ ಬದಲಿಸಿದರು. ಎಳೆದು ತರುವ ಕಡೆ ಇಕ್ಕಟ್ಟು ಬೇಕಾಗಿಲ್ಲವಾದ್ದರಿಂದ 2 ಮಿಲಿಮೀಟರ್ ರಂಧ್ರದ ಬದಲು 3 ಮಿಲಿಮೀಟರಿನದು ಹಾಕಿದರು. ತಳ್ಳುವ ಬೌಡೆನ್ ಟ್ಯೂಬಿಗೆ ಇದು ಸಲ್ಲದು, ಅಲ್ಲಿ ಸಡಿಲ ರಂಧ್ರದಲ್ಲಿ ಎಳೆ ಡೊಂಕಾಗಿ ತಳ್ಳಿದ್ದು ಮುಂದೆ ಹೋಗುವುದಿಲ್ಲ. ಎಳೆ ಚಲಿಸುತ್ತಿದೆಯೇ ಎಂದು ಸಣ್ಣ ಚಕ್ರದಿಂದ ಅಳೆಯುವ ಸೆನ್ಸರುಗಳೂ ಸಿಗುತ್ತವೆ. ಎಳೆ ಪೂರ್ತಿ ನಿಂತರೆ ಅವು ಪ್ರಿಂಟನ್ನು ತಡೆಯುತ್ತವೆ. ನೂರಕ್ಕೆ ಐದರ ಜಾರಿಕೆಯನ್ನು ಅವು ಹಿಡಿಯುವುದಿಲ್ಲ.

ಉದ್ದದ ಕೆಲಸ ಹಾಕುವ ಮುನ್ನ ತಕ್ಕಡಿ ಕಟ್ಟಿ ಎಳೆದು ನೋಡಿ. ಟ್ಯೂಬಿನ ಮೂಲಕ ಬರುವ ಎಳೆತ ಬರೀ ಸ್ಪೂಲಿನದಕ್ಕಿಂತ ಎರಡು ಪಟ್ಟು ಮೀರಿದ್ದರೆ ಮೊದಲು ಬಾಗು ಕಡಿಮೆ ಮಾಡಿ, ಆಮೇಲೆ ಟ್ಯೂಬ್ ಬದಲಿಸಿ. ಮತ್ತು ಸ್ಪೂಲ್ ತೆಗೆಯುವಾಗ ಬಿಡುತುದಿಯನ್ನು ಕೈಯಿಂದ ಬಿಡಬೇಡಿ. ಅದನ್ನು ಸಿಕ್ಕಿಸಲೆಂದೇ ಸ್ಪೂಲಿನ ಅಂಚಿನಲ್ಲಿ ಒಂದು ತೂತು ಇರುತ್ತದೆ.